ಪರಿಚಯದಾಗ ಖರೇ ಇದ್ದಷ್ಟ ಬರಿ

ನಮ್ಮ ನಾದಿನಿ ಮಗಳು ಧಾರವಾಡದಾಗ ಜಾಗಾ-ಮನಿ ಕೊಡಸೋ ಕೆಲಸ ಶುರು ಮಾಡಿ ನಾಲ್ಕು ವರ್ಷ ಆತು. ಈಗ ಓಣಿಗೆ ಇಬ್ಬರು ಏಜೆಂಟರು ಅದಾರ. ಜನಾ ತನ್ನ ನಂಬಿ ಫೋನ್ ಮಾಡಬೇಕಂದ್ರ ಒಂದು ಚೊಲೋ ಪರಿಚಯ ಬರದು, ಫೋಟೋ ಹಚ್ಚಿ, ವಾಟ್ಸಾಪ್‌ನಾಗ ಕಳಸಬೇಕು ಅಂತ ಅಕಿ ವಿಚಾರ. ಒಂದಿನ ಬರಕೊಂಡು ಬಂದು, "ಮಾಮಿ, ಒಮ್ಮೆ ಓದಿ ಹೇಳ್ರಿ. ಮನಿ ತೊಗೊಳೋ ಮುಂದ ಕಡೀ ಮಾತು ನಿಮ್ಮಂಥಾವರದ ಇರ್ತದ" ಅಂದ್ಲು. ಅದೇನೋ ಖರೇ ಅನ್ರಿ.

ಅಕಿ ಬರದಿದ್ದು ಹಿಂಗಿತ್ತು: "ಅವಳಿ ನಗರದ ನಂಬರ್ ಒನ್ ಸಲಹೆಗಾರ್ತಿ. ನೂರಾರು ಸಂತೃಪ್ತ ಗ್ರಾಹಕರು. ಬಸ್ ನಿಲ್ದಾಣದಿಂದ ಐದೇ ನಿಮಿಷ. ಮೂರು ವರ್ಷದಲ್ಲಿ ಬೆಲೆ ದುಪ್ಪಟ್ಟು."

ಓದಿ ನಾ ಒಂದೊಂದ ಸಾಲಿಗೆ ಒಂದೊಂದ ಪ್ರಶ್ನೆ ಕೇಳಿದೆ. ನೂರಾರು ಗ್ರಾಹಕರು ಅಂದ್ರ ಎಷ್ಟು? ಬೆರಳು ಮಡಿಚಿ ಎಣಿಸಿದ್ಲು, 11 ವ್ಯವಹಾರ ಆಗಿದ್ದವು. ಐದು ನಿಮಿಷ ಅಂದ್ರ ನಡಕೊಂತನೋ, ಗಾಡಿ ಮ್ಯಾಲನೋ? ಮುಂಜಾನೆ ಆರಕ್ಕ, ಸ್ಕೂಟಿ ಮ್ಯಾಲ. ಬೆಲೆ ಎರಡು ಪಟ್ಟು ಆಗ್ತದ ಅಂತ ಹೇಳಿದವ್ರು ಯಾರು? ಲೇಔಟ್ ಮಾಡಿದ ಮಾಲಕರು. "ಆಗಲಿಲ್ಲಂದ್ರ ಅವರು ಬಂದು ನಿಂದರೂದುಲ್ಲ, ಸಂತ್ಯಾಗ ಜನಾ ನಿನ್ನ ಹಿಡದು ಕೇಳ್ತಾರ" ಅಂದೆ. ಇಷ್ಟಕ್ಕೂ 2016ರ ರೇರಾ ಕಾಯದೆ ಪ್ರಕಾರ ಏಜೆಂಟರು ಸುಳ್ಳು ಅಥವಾ ದಾರಿ ತಪ್ಪಿಸೋ ಮಾತು ಹೇಳೋ ಹಂಗಿಲ್ಲ.

ಆಮ್ಯಾಲ ಇನ್ನೊಂದು ಕೇಳಿದೆ. "ಹೊರಗಿಂದ ಬಂದವ್ರಿಗೆ ಗೊತ್ತಿಲ್ಲದ್ದು, ನಿನಗ ಗೊತ್ತಿದ್ದದ್ದು ಏನದ, ಅದನ್ನ ಹೇಳು." ಅರ್ಧಾ ತಾಸು ಮಾತಾಡಿದ್ಲು. ಚಹಾ ಆರಿ ಹೋತು. ಅಕಿ ಹೇಳಿದ್ರಾಗಿನ ಒಂದು ಮಾತೂ ಆ ಪರಿಚಯದಾಗ ಇರಲಿಲ್ಲ!

ಮೊದಲನೇದು ಮಣ್ಣು. ಧಾರವಾಡ ಮಲೆನಾಡು ಮತ್ತ ಬಯಲುಸೀಮಿ ನಡುವ ಇರೋ ಊರು. ಪಡುವಣ ಕಡೆ ಕೆಂಪು ಮಣ್ಣು ಹೆಚ್ಚು, ಹುಬ್ಬಳ್ಳಿ-ನವಲಗುಂದ ಕಡೆ ಹೋದಂಗ ಎರಿ ಮಣ್ಣು. ಎರಿ ಮಣ್ಣು ಮಳೆಗಾಲದಾಗ ನೀರು ಕುಡದು ಉಬ್ಬತದ, ಬ್ಯಾಸಗ್ಯಾಗ ಒಣಗಿ ಬಿರೀತದ. ಮ್ಯಾಲ ಕಟ್ಟಿದ ಮನಿ ಅದರ ಜೋಡಿ ಏರಿ ಇಳೀತದ. ಕಿಡಕಿ ಮೂಲಿಯಿಂದ ಓರೆ ಬಿರುಕು ಬಿಡ್ತಾವ, ಕಂಪೌಂಡ್ ಗ್ವಾಡಿ ವಾಲತಾವ. ಅಂಥಲ್ಲೆ ಎರಿ ತಗದು ಗರಸು ಹಾಕಿ, ತಳಪಾಯ ಆಳಕ್ಕ ಒಯ್ಯಬೇಕಾಗ್ತದ. ಪ್ಲಾಟ್ ಸೋವಿ ಸಿಕ್ಕರೂ ಉಳಿದ ರೊಕ್ಕ ನೆಲದಾಗ ಹೋಗ್ತದ. ಅದಕ್ಕ ಪ್ಲಾಟ್ ನೋಡೋ ಮುಂದ ಬಾಜೂ ಹಳೇ ಮನಿಗಳ ಕಿಡಕಿ ಮೂಲಿ ನೋಡ್ರಿ ಅಂತ ಅಕಿ ಎಲ್ಲಾರಿಗೂ ಹೇಳ್ತಾಳಂತ.

ಎರಡನೇದು ನೀರು. ಹೊಸಾ ಲೇಔಟ್‌ನ ರಸ್ತೆ, ಗಟಾರ, ನಳ, ಬೀದಿ ದೀಪ ಎಲ್ಲಾ ಮುಗಿಸಿ ಪಾಲಿಕೆಗೆ ಒಪ್ಪಿಸೋತನಕ ಅದನ್ನ ನೋಡಕೊಳ್ಳೋದು ಲೇಔಟ್ ಮಾಡಿದವ್ರ ಕೆಲಸ. ಅಲ್ಲೀತನಕ ಭಾಳ ಕಡೆ ಬೋರಿನ ನೀರ ಗತಿ. "ನೀರಿನ ಸೌಕರ್ಯ ಅದ" ಅಂತ ಹೇಳಿದ್ರ ಯಾವ ನೀರು, ಏಪ್ರಿಲ್-ಮೇದಾಗ ಬರ್ತದೋ ಇಲ್ಲೋ, ಬಿಲ್ ಯಾರು ತುಂಬ್ತಾರ, ಈ ಮೂರೂ ಕೇಳಬೇಕು.

ಮೂರನೇದು ಕಾಗದ. "ಎನ್‌ಎ ಆಗೇದ" ಅಂದಕೂಡ್ಲೆ ನಮ್ಮ ಮಂದಿ ಎಲ್ಲಾ ಆದಂಗ ಅಂತ ತಿಳಕೋತಾರ. ಹೊಲವನ್ನ ಬಿನ್‌ಶೇತ್ಕಿ ಮಾಡೋದು ಒಂದು ಆದೇಶ, ಅದ್ರಾಗ ಪ್ಲಾಟ್ ಹಾಕಿದ ನಕ್ಷೆಗೆ ಹುಡಾದಿಂದ ಮಂಜೂರಿ ತೊಗೊಳೋದು ಬ್ಯಾರೆ. ಎರಡೂ ಬೇಕು. ಮಂಜೂರಾದ ನಕ್ಷ್ಯಾಗ ನೀವು ತೊಗೊಳೋ ಪ್ಲಾಟಿನ ನಂಬರ್ ಇರಬೇಕು. ಅದ ಜಾಗಾ ನಕ್ಷ್ಯಾಗ ಉದ್ಯಾನ ಅಂತ ಇದ್ರ ಮನಿ ಕಟ್ಟಲಿಕ್ಕೆ ಪರವಾನಿಗಿ ಸಿಗೂದುಲ್ಲ.

ಇದನ್ನೆಲ್ಲಾ ಕೇಳಿ, "ಇದನ್ನ ಬರಿ ಅವ್ವಾ. ನಂಬರ್ ಒನ್ ಹೌದೋ ಅಲ್ಲೋ ಓದಿದವ್ರು ಹ್ಯಾಂಗ ನೋಡ್ತಾರ? ಕಿಡಕಿ ಮೂಲಿ ಹೋಗಿ ನೋಡಬಹುದು" ಅಂದೆ. ಇಬ್ಬರೂ ಕೂತು ಎರಡು ದಿನಾ ತಿದ್ದಿ ಕಡೀಕ ಹಿಂಗ ಆತು:

"ಧಾರವಾಡದಲ್ಲೇ ಹುಟ್ಟಿ ಬೆಳೆದವಳು. ಸಪ್ತಾಪುರ, ಕೆಲಗೇರಿ, ವಿದ್ಯಾಗಿರಿ, ಸತ್ತೂರು, ಈ ನಾಲ್ಕು ಕಡೆ ಮಾತ್ರ ಕೆಲಸ ಮಾಡುತ್ತೇನೆ. ನಾಲ್ಕು ವರ್ಷದಲ್ಲಿ 11 ವ್ಯವಹಾರ ಮಾಡಿಸಿದ್ದೇನೆ: 7 ಪ್ಲಾಟ್, 4 ಮನೆ. ಪ್ರತಿ ಜಾಗದ ಮಣ್ಣು ಯಾವುದು, ನೀರು ಎಲ್ಲಿಂದ, ಚಿಗರಿ ಬಸ್ ನಿಲ್ದಾಣಕ್ಕೆ ನಡೆದರೆ ಎಷ್ಟು ನಿಮಿಷ ಎಂದು ನಾನೇ ನೋಡಿ ಬರೆದು ಕೊಡುತ್ತೇನೆ. ಜಾಗದ ಕುಂದು ಇದ್ದರೆ ಅದನ್ನೂ ಬರೆಯುತ್ತೇನೆ. ಮುಂದೆ ಬೆಲೆ ಎಷ್ಟಾಗುತ್ತದೆ ಎಂದು ಹೇಳುವುದಿಲ್ಲ. ಕಾಗದ ಪತ್ರ ನಿಮ್ಮ ವಕೀಲರಿಗೆ ತೋರಿಸಿದ ಮೇಲೇ ಮುಂಗಡ ಕೊಡಿ. ನನ್ನ ಕಮಿಷನ್ ಯಾರಿಂದ, ಎಷ್ಟು ಎಂದು ಮೊದಲ ದಿನವೇ ತಿಳಿಸುತ್ತೇನೆ." ಕೆಳಗ ರೇರಾ ನೋಂದಣಿ ನಂಬರ್.

ಕಮಿಷನ್ ಸಾಲು ಬರಿಯೋ ಮುಂದ ಅಕಿ ಸ್ವಲ್ಪ ಹಿಂದ ಸರದ್ಲು. ಆದ್ರ ಮಾರೋರ ಕಡೆನೂ ತೊಗೊಂಡು ಕೊಳ್ಳೋರ ಕಡೆನೂ ತೊಗೊಳೋ ಏಜೆಂಟ್ ಯಾರ ಪರ ಮಾತಾಡ್ತಾನ ಅನ್ನೋ ಸಂಶೆ ಎಲ್ಲಾರಿಗೂ ಇರ್ತದ. ಮೊದಲ ಹೇಳಿಬಿಟ್ರ ಅದು ಮನಸಿನಾಗ ಕೂಡೂದುಲ್ಲ.

ಇದನ್ನ ಓದಿ ಮೊದಲು ಬಂದಾಕಿ ನಿವೃತ್ತಿ ಆದ ಒಬ್ಬ ಶಾಲಿ ಬಾಯಾರು. ಗಂಡ ತೀರಿ ಹೋಗ್ಯಾರ, ಕೈಯಾಗ ಇದ್ದದ್ದು ನಿವೃತ್ತಿ ರೊಕ್ಕ ಅಷ್ಟ. ಒಂದು ಲೇಔಟ್‌ನಾಗಿನ ಮೂವತ್ತು-ನಲವತ್ತರ ಪ್ಲಾಟ್ ಅವರ ಮನಸಿಗೆ ಬಂದಿತ್ತು. ನಮ್ಮ ಹುಡುಗಿ ಕೊಟ್ಟ ಚೀಟ್ಯಾಗ "ಎರಿ ಮಣ್ಣು, ಬೋರ್ ನೀರು, ಚಿಗರಿ ನಿಲ್ದಾಣಕ್ಕೆ ನಡೆದು 25 ನಿಮಿಷ" ಅಂತಿತ್ತು. ಬಾಯಾರಿಗೆ ಮೊಳಕಾಲು ಬ್ಯಾನಿ. ತಾವ ಒಮ್ಮೆ ನಡದು ನೋಡಿದ್ರು, 35 ನಿಮಿಷ ಹಿಡೀತು. ಬಾಜೂ ಮನಿ ಕಿಡಕಿ ಮೂಲ್ಯಾಗ ಬಿರುಕೂ ಕಂಡುವು. ಪ್ಲಾಟ್ ಬ್ಯಾಡ ಅಂದ್ರು. ಆ ಕಮಿಷನ್ ಹೋತು. ಈ ಚೀಟಿ ಸುದ್ದಿ ಕಿವಿಗೆ ಬಿದ್ದ ಮ್ಯಾಲ ಲೇಔಟ್ ಮಾಲಕರು ತಮ್ಮ ಉಳಿದ ಪ್ಲಾಟ್‌ಗಳನ್ನೂ ಅಕಿ ಕಡೆಯಿಂದ ತಗದುಬಿಟ್ರು. ಎರಡು ತಿಂಗಳು ಕೈ ಬಿಗಿ ಆತು.

ಬಾಯಾರು ಮುಂದ ಆರು ತಿಂಗಳಿಗೆ ಅಕಿ ಕಡೆಯಿಂದನ ಎರಡು ಕೋಲಿ ಹಳೇ ಮನಿ ತೊಗೊಂಡ್ರು. ಮನಿ ಸಣ್ಣದು, ಮ್ಯಾಲಿನ ಛತ್ತು ದುರಸ್ತಿ ಬೇಕಿತ್ತು, ಅದೂ ಚೀಟ್ಯಾಗ ಬರದಿತ್ತು. ಬಸ್ಸು ಬಾಗಲಿಗೆ ಹತ್ರ ಅದ.

ನೀವು ಇಂಥಾ ಪರಿಚಯ ಓದೋ ಮುಂದ ಕೈಯಾಗ ಪೆನ್ಸಿಲ್ ಹಿಡಕೊಳ್ರಿ. ನೀವಾಗೇ ಹೋಗಿ ನೋಡಿ ಖರೇ-ಸುಳ್ಳು ತಿಳಕೊಳ್ಳೋ ಸಾಲಿಗೆ ಗೆರಿ ಎಳೀರಿ. ಗೆರಿ ಇಲ್ಲದ ಸಾಲು ಹೆಚ್ಚಿದ್ರ ಫೋನ್ ಮಾಡೋ ಮೊದಲು ವಿಚಾರ ಮಾಡ್ರಿ. ನೋಂದಣಿ ನಂಬರ್ ಇದ್ರ ಕರ್ನಾಟಕ ರೇರಾದ rera.karnataka.gov.in ತಾಣದಾಗ ಹಾಕಿ ಹೆಸರು ಕೂಡ್ತದೋ ಇಲ್ಲೋ ನೋಡ್ರಿ. ಅದು ಹೆಸರು ನೋಂದಾಗೇದ ಅಂತ ಅಷ್ಟ ಹೇಳ್ತದ. ಆ ಮನಷ್ಯಾಗ ನಿಮ್ಮ ಓಣಿ ಮಣ್ಣು-ನೀರು ಗೊತ್ತದೋ ಇಲ್ಲೋ, ಅದನ್ನ ನೀವ ಕೇಳಬೇಕು.