ಪಹಣಿಯಲ್ಲಿ ಕಳೆದುಹೋದ ಸೊನ್ನೆ

ನಮ್ಮ ಕಂಪನಿ ದೊಡ್ಡದೂ ಅಲ್ಲ, ಸಣ್ಣದೂ ಅಲ್ಲ. ಮುನ್ನೂರು ಚಿಲ್ಲರೆ ಜನ. ರೈತರ ಸಾಲದ ಅರ್ಜಿಗಳನ್ನು ಓದಿ, ಸಾಲ ಕೊಡುವವರಿಗೆ ಅಚ್ಚುಕಟ್ಟಾಗಿ ಜೋಡಿಸಿ ಕೊಡುವ ಸಾಫ್ಟ್‌ವೇರ್ ಮಾಡ್ತೇವೆ. ಕಳೆದ ವರ್ಷ ಪಹಣಿಯ ಫೋಟೋ ಓದೋದಕ್ಕೆ ಒಂದು ಎಐ ಟೂಲ್ ತಗೊಂಡ್ರು. ಅದರ ಜೊತೆಗೇ ಮ್ಯಾನೇಜ್‌ಮೆಂಟಿನಿಂದ ಒಂದು ಎಐ ಗವರ್ನೆನ್ಸ್ ಚೆಕ್‌ಲಿಸ್ಟ್ ಕೂಡ ಬಂತು. ನಲವತ್ತೆರಡು ಪ್ರಶ್ನೆ, ಎಲ್ಲದರ ಮುಂದೆ ಹೌದು ಅಥವಾ ಇಲ್ಲ. ಭಟ್ಕಳ, ಹೊನ್ನಾವರ, ಕುಮಟಾದಲ್ಲಿ ಪೈಲಟ್ ಅಂತಾದಾಗ, ‘ನೀವು ಆ ಕಡೆಯವರಲ್ವಾ’ ಅಂತ ಅದು ನನ್ನ ಕೈಗೆ ಬಂತು. ಈಗ ಆ ನಲವತ್ತೆರಡು ನಾಲ್ಕಾಗಿದೆ. ಅದಕ್ಕೆ ಕಾರಣ ಒಂದು ಸೊನ್ನೆ.

ಪಹಣಿ ನೋಡದವರಿಗೆ ಸ್ವಲ್ಪ ಹೇಳಬೇಕು. ಅದರಲ್ಲಿ ಜಮೀನಿನ ವಿಸ್ತೀರ್ಣ ಎಕರೆ, ಗುಂಟೆ, ಆಣೆ ಅಂತ ಇರುತ್ತದೆ. 40 ಗುಂಟೆಗೆ ಒಂದು ಎಕರೆ, 16 ಆಣೆಗೆ ಒಂದು ಗುಂಟೆ. 0-12-8 ಅಂತಿದ್ದರೆ ಹನ್ನೆರಡೂವರೆ ಗುಂಟೆ. ನಮ್ಮ ಕರಾವಳಿಯಲ್ಲಿ ಅಡಿಕೆ ತೋಟ ಅಂದರೆ ಹೆಚ್ಚಾಗಿ ಇಷ್ಟೇ. ಹೊನ್ನಾವರ ಕಡೆಯ ಒಬ್ಬರ ಪಹಣಿಯಲ್ಲಿ ಇದೇ ಅಂಕಿ ಇತ್ತು. ಜೇಬಿನಲ್ಲಿ ಮಡಚಿಟ್ಟ ಕಾಗದ, ಮಡಿಕೆ ಸರಿಯಾಗಿ ಸೊನ್ನೆಯ ಮೇಲೇ ಬಿದ್ದಿತ್ತು. ಟೂಲ್ ಆ ಸೊನ್ನೆಯನ್ನು ಬಿಟ್ಟು ಉಳಿದದ್ದನ್ನು ಒಂದೊಂದು ಮನೆ ಎಡಕ್ಕೆ ಸರಿಸಿತು. ಹನ್ನೆರಡು ಎಕರೆ ಎಂಟು ಗುಂಟೆ! ಗುಂಟೆಯಲ್ಲಿ ಹೇಳಿದರೆ 488. ಹನ್ನೆರಡೂವರೆ ಇದ್ದದ್ದು ಹತ್ತಿರ ಹತ್ತಿರ 39 ಪಟ್ಟು ಆಯಿತು. ಬೆಳೆಸಾಲದ ಮಿತಿಯ ಲೆಕ್ಕ ವಿಸ್ತೀರ್ಣದ ಮೇಲೆ ನಿಲ್ಲೋದರಿಂದ ಸಾಲದ ಮಿತಿಯೂ ಅಷ್ಟೇ ಪಟ್ಟು. ತೀರಿಸಲಾಗದ ಸಾಲ ಕೊನೆಗೆ ಯಾರ ತೋಟದ ಮೇಲೆ ಕೂರುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ.

ಸಾಫ್ಟ್‌ವೇರಿನಲ್ಲಿ ತಪಾಸಣೆ ಇರಲಿಲ್ಲವಾ? ಇತ್ತು. ಗುಂಟೆ 40ಕ್ಕಿಂತ ಕಡಿಮೆ ಇರಬೇಕು, ಆಣೆ 16ಕ್ಕಿಂತ ಕಡಿಮೆ ಇರಬೇಕು. 12-8-0 ಎರಡನ್ನೂ ಪಾಸಾಗುತ್ತದೆ. ಅಸಾಧ್ಯವಾದ ಅಂಕಿಯನ್ನು ಕಂಪ್ಯೂಟರ್ ಹಿಡಿಯುತ್ತದೆ, ಸಾಧ್ಯವಿರುವ ಸುಳ್ಳನ್ನು ಹಿಡಿಯೋದು ಕಷ್ಟ. ಹಿಡಿದವರು ನಮ್ಮ ಹೊನ್ನಾವರದ ಫೀಲ್ಡ್ ಆಫೀಸರ್. ‘ಹನ್ನೆರಡು ಎಕರೆ ತೋಟ ಇದ್ದವ ಸಾಲಕ್ಕೆ ನಮ್ಮತ್ರ ಎಂತಕ್ಕೆ ಬರ್ತ ಮಾರಾಯ್ರೇ’ ಅಂತ ನಕ್ಕರು. ಪುಣ್ಯಕ್ಕೆ ಹಣ ಇನ್ನೂ ಬಿಡುಗಡೆ ಆಗಿರಲಿಲ್ಲ.

ಈಗ ಚೆಕ್‌ಲಿಸ್ಟಿಗೆ ಬರೋಣ. ಮೊದಲನೆಯದು ಡೇಟಾ. ‘ಗ್ರಾಹಕರ ಮಾಹಿತಿ ಸುರಕ್ಷಿತವೇ?’ ಅನ್ನೋ ಪ್ರಶ್ನೆಗೆ ಎಲ್ಲರೂ ಹೌದು ಅಂತಲೇ ಬರೆಯುತ್ತಾರೆ. ನಾವು ಅದನ್ನು ಹೀಗೆ ಬದಲಿಸಿದೆವು: ಒಂದು ಪಹಣಿಯ ಫೋಟೋ ರೈತರ ಕೈಯಿಂದ ಹೊರಟು ಎಲ್ಲೆಲ್ಲಿ ನಿಲ್ಲುತ್ತದೆ, ಪ್ರತಿ ಕಡೆ ಯಾವತ್ತು ಅಳಿಸುತ್ತೇವೆ? ಬರೆಯೋಕೆ ಕೂತಾಗ ಗೊತ್ತಾಯಿತು, ನೆಟ್‌ವರ್ಕ್ ಸಿಗದ ಊರುಗಳಿಂದ ಫೋಟೋ ವಾಟ್ಸಾಪಿನಲ್ಲಿ ಬರುತ್ತಿತ್ತು, ಜೊತೆಗೆ ಆಧಾರ್ ಮತ್ತು ಪಾಸ್‌ಬುಕ್ ಕೂಡ. ಪಹಣಿಯನ್ನು ಯಾರು ಬೇಕಾದರೂ ತೆಗೆಸಬಹುದು, ಆಧಾರ್ ಹಾಗಲ್ಲ. ವಿಸ್ತೀರ್ಣ ಓದೋಕೆ ಆಧಾರ್ ಬೇಕಾಗಿಯೂ ಇಲ್ಲ. ಟೂಲಿಗೆ ಈಗ ಪಹಣಿ ಮಾತ್ರ ಹೋಗುತ್ತದೆ.

ಎರಡನೆಯದು ವೆಂಡರ್. ನಮಗೆ ಟೂಲ್ ಮಾರಿದವರ ಹಿಂದೆ ಇನ್ನೊಬ್ಬರ ಮಾಡೆಲ್ ಇತ್ತು. ಹಾಗಾಗಿ ಕೇಳಬೇಕಾದ್ದು ಮೂರು. ನಮ್ಮ ಫೋಟೋ ಯಾರ ಯಾರ ಕೈಗೆ ಹೋಗುತ್ತದೆ, ಅದರಿಂದ ಮಾಡೆಲ್ ತರಬೇತಿ ಆಗುತ್ತದಾ, ಮಾಡೆಲ್ ಬದಲಾಯಿಸಿದರೆ ನಮಗೆ ಮೊದಲೇ ಹೇಳುತ್ತೀರಾ. ಮೂರನೆಯದನ್ನು ಯಾರೂ ಕೇಳಿರಲಿಲ್ಲ, ಕರಾರಿನಲ್ಲೂ ಇರಲಿಲ್ಲ. ಡೆಮೊದಲ್ಲಿ ತೋರಿಸಿದ ಪಹಣಿಗಳೋ, ಸ್ಕ್ಯಾನರಿನಿಂದ ನೇರ ಬಂದ ನೀಟಾದ ಕಾಗದಗಳು. ನಾವು ತಾಲೂಕಿಗೆ ಇಪ್ಪತ್ತರಂತೆ ಅರವತ್ತು ನಿಜವಾದ ಪಹಣಿ ಆರಿಸಿಕೊಂಡೆವು. ಮಡಚಿದ್ದು, ಮಳೆಗೆ ಒದ್ದೆಯಾದದ್ದು, ಜೆರಾಕ್ಸಿನ ಜೆರಾಕ್ಸು, ಎಲ್ಲ. ಇಬ್ಬರು ಬೇರೆ ಬೇರೆ ಕೂತು ಸರಿ ಉತ್ತರ ಟೈಪ್ ಮಾಡಿದರು. ಮಾಡೆಲ್ ಬದಲಾದಾಗೆಲ್ಲ ಈ ಅರವತ್ತನ್ನು ಮತ್ತೆ ಓಡಿಸುತ್ತೇವೆ. ಹೊಸದು ಹಳೆಯದಕ್ಕಿಂತ ಒಟ್ಟಾರೆ ಚೆನ್ನಾಗಿದ್ದರೂ ಒಂದು ಬಗೆಯ ಕಾಗದದಲ್ಲಿ ಕೆಟ್ಟಿರಬಹುದು, ಅದು ಸರಾಸರಿಯಲ್ಲಿ ಕಾಣೋದಿಲ್ಲ.

ಮೂರನೆಯದು ಮನುಷ್ಯರ ಮೇಲ್ವಿಚಾರಣೆ. ನನಗೆ ಅತಿ ಹೆಚ್ಚು ತಲೆ ತಿಂದದ್ದು ಇದು. ಆ ಹನ್ನೆರಡು ಎಕರೆಯನ್ನು ಬೆಂಗಳೂರಿನಲ್ಲಿ ಕೂತ ಒಬ್ಬರು ಅಪ್ರೂವ್ ಮಾಡಿದ್ದರು, ಅಂದರೆ ಚೆಕ್‌ಲಿಸ್ಟ್ ಪ್ರಕಾರ ಮೇಲ್ವಿಚಾರಣೆ ಆಗಿತ್ತು. ಅವರನ್ನು ಬೈದು ಪ್ರಯೋಜನ ಇಲ್ಲ. ಸ್ಕ್ರೀನಿನಲ್ಲಿ ಅಂಕಿಯ ಪಕ್ಕ ಹಸಿರು ಟಿಕ್, ಮೂಲ ಫೋಟೋ ನೋಡಬೇಕಾದರೆ ಇನ್ನೆರಡು ಕ್ಲಿಕ್, ದಿನಕ್ಕೆ ನೂರಾರು ಅರ್ಜಿ. ಆ ಜಾಗದಲ್ಲಿ ಯಾರು ಕೂತರೂ ಬೆರಳು ತಾನಾಗೇ ಒತ್ತುತ್ತದೆ. ಈಗ ಮೊದಲು ಫೋಟೋದ ಆ ಭಾಗ ಮಾತ್ರ ಕಾಣುತ್ತದೆ. ನೋಡುವವರು ತಾವೇ ವಿಸ್ತೀರ್ಣ ಟೈಪ್ ಮಾಡಬೇಕು, ಆಮೇಲೆ ಟೂಲಿನ ಉತ್ತರ ತೆರೆಯುತ್ತದೆ. ಎರಡೂ ಹೊಂದದಿದ್ದರೆ ಅರ್ಜಿ ತಾಲೂಕಿನ ಫೀಲ್ಡ್ ಆಫೀಸರಿಗೆ ಹೋಗುತ್ತದೆ. ಜೊತೆಗೆ ವಾರಕ್ಕೆ ಕೆಲವು ಗೊತ್ತಿದ್ದೇ ತಪ್ಪಿರುವ ಅರ್ಜಿಗಳನ್ನು ಸಾಲಿನಲ್ಲಿ ಸೇರಿಸುತ್ತೇವೆ. ಅವು ಸಿಕ್ಕಿಬೀಳದೆ ದಾಟಿದರೆ ಮೇಲ್ವಿಚಾರಣೆ ಹೆಸರಿಗಷ್ಟೇ ಇದೆ ಅಂತ ಅರ್ಥ. ಇದರಿಂದ ಅರ್ಜಿಗೆ ಹಿಡಿಯುವ ಸಮಯ ಹೆಚ್ಚಾಯಿತು. ಮೀಟಿಂಗಿನಲ್ಲಿ ಗಲಾಟೆಯೂ ಆಯಿತು. ಆದರೆ ಸಮಯವನ್ನೇ ಕೊಡದೆ ‘ಮನುಷ್ಯರು ನೋಡ್ತಾರೆ’ ಅಂತ ಬರೆದುಕೊಳ್ಳೋದು ಸುಳ್ಳು ಅಲ್ವಾ?

ನಾಲ್ಕನೆಯದು, ಅವಘಡದ ವರದಿ. ಫೀಲ್ಡ್ ಆಫೀಸರ್ ನಕ್ಕು ಹಾಕಿದ ಮೆಸೇಜ್ ವಾಟ್ಸಾಪ್ ಗ್ರೂಪಿನಲ್ಲಿ ಗುಡ್ ಮಾರ್ನಿಂಗ್‌ಗಳ ನಡುವೆ ನಾಲ್ಕು ದಿನ ಬಿದ್ದಿತ್ತು. ಹ್ಯಾಕ್ ಆಗಿಲ್ಲ, ಮಾಹಿತಿ ಸೋರಿಲ್ಲ, ಹಾಗಾಗಿ ಅದು ಅವಘಡ ಅಂತ ಯಾರಿಗೂ ಅನಿಸಲಿಲ್ಲ. ಕಾನೂನು ನೋಡಿದರೂ ಹಾಗೇ. ಸರ್ಟ್-ಇನ್‌ನ 2022ರ ಏಪ್ರಿಲ್ ಆದೇಶದ ಪ್ರಕಾರ ಸೈಬರ್ ದಾಳಿಯಂಥದ್ದನ್ನು 6 ಗಂಟೆಯೊಳಗೆ ತಿಳಿಸಬೇಕು. 2025ರ ನವೆಂಬರಿನಲ್ಲಿ ಪ್ರಕಟವಾದ ಡಿಜಿಟಲ್ ವೈಯಕ್ತಿಕ ಡೇಟಾ ರಕ್ಷಣಾ ನಿಯಮಗಳ ಪ್ರಕಾರ ಮಾಹಿತಿ ಸೋರಿದರೆ ಮಂಡಳಿಗೆ 72 ಗಂಟೆಯೊಳಗೆ ವಿವರ ಕೊಡಬೇಕು. ಸೊನ್ನೆ ಬಿದ್ದುಹೋದದ್ದು ಈ ಎರಡರಲ್ಲೂ ಬರೋದಿಲ್ಲ. ಅದಕ್ಕೆ ನಮ್ಮದೇ ವ್ಯಾಖ್ಯೆ ಬರೆದೆವು: ಟೂಲಿನ ತಪ್ಪು ಉತ್ತರ ಒಬ್ಬ ಮನುಷ್ಯರ ಅರ್ಜಿಯನ್ನು ಮುಟ್ಟಿದರೆ ಅದು ಅವಘಡ, ಹಣ ಹೋಗಿರಲಿ ಬಿಡಲಿ. ಹೇಳೋಕೆ ಒಂದೇ ನಂಬರು, ಕನ್ನಡದಲ್ಲೇ ಹೇಳಬಹುದು. ಶನಿವಾರ ರಾತ್ರಿಯಾದರೂ ಟೂಲ್ ನಿಲ್ಲಿಸುವ ಅಧಿಕಾರ ಇರುವ ಇಬ್ಬರ ಹೆಸರು ಅದೇ ಪುಟದಲ್ಲಿದೆ.

ಒಂದು ತಪ್ಪು ಸಿಕ್ಕಿದರೆ ಅದರ ಅಣ್ಣತಮ್ಮಂದಿರನ್ನು ಹುಡುಕುವುದೂ ವರದಿಯ ಭಾಗವೇ. ಸೊನ್ನೆ ಬಿದ್ದು ಎಡಕ್ಕೆ ಸರಿದರೆ ಆಣೆಯ ಅಂಕಿ ಗುಂಟೆಯ ಮನೆಗೆ ಬರುತ್ತದೆ, ಹಾಗಾಗಿ ಅದು 16ಕ್ಕಿಂತ ಕಡಿಮೆಯೇ ಇರುತ್ತದೆ. ಗುಂಟೆಯ ಅಂಕಿ ಎಕರೆಯ ಮನೆಗೆ ಬರುತ್ತದೆ, ಅದು 40ಕ್ಕಿಂತ ಕಡಿಮೆ. ಆಣೆಯ ಮನೆ ಖಾಲಿ. ಹುಡುಕೋಕೆ ಇಷ್ಟು ಸಾಕು:

```sql
SELECT loan_id, taluk, acre, gunta, anna
FROM pahani_read
WHERE acre BETWEEN 1 AND 39
  AND gunta < 16 AND anna = 0;
```

ನಿಜವಾಗಿಯೂ ಒಂದು ಎಕರೆ ಎಂಟು ಗುಂಟೆ ಇರುವವರೂ ಈ ಪಟ್ಟಿಯಲ್ಲಿ ಬರುತ್ತಾರೆ. ಆದ್ದರಿಂದ ಒಂದೊಂದೇ ಫೋಟೋ ತೆಗೆದು ಕಣ್ಣಿಂದ ನೋಡಬೇಕು. ಮೂರೂ ತಾಲೂಕಿನ ಫೀಲ್ಡ್ ಆಫೀಸರುಗಳು ಎರಡು ದಿನ ಕೂತು ನೋಡಿದರು. ಇದೇ ಬಗೆಯ ಇನ್ನೂ ಐದು ಸಿಕ್ಕವು, ಎರಡು ಭಟ್ಕಳದ್ದು, ಮೂರು ಕುಮಟಾದ್ದು. ಐದೂ ಬೆಂಗಳೂರಿನಲ್ಲಿ ಅಪ್ರೂವ್ ಆಗಿದ್ದವು. ಈಗ ಆ ಆರೂ ಪಹಣಿಗಳು ನಮ್ಮ ಪರೀಕ್ಷೆಯ ಕಟ್ಟಿಗೆ ಸೇರಿ, ಅರವತ್ತು ಇದ್ದದ್ದು ಅರವತ್ತಾರಾಗಿದೆ.