ಹದಿನಾಲ್ಕರಲ್ಲಿ ಇಬ್ಬರು

ಪುಣೆಯ ವಾಕಡ್ ಸುತ್ತಮುತ್ತ ಕಟ್ಟಡ ಕೆಲಸಕ್ಕೆ ಬಂದಿರುವ ವಿಜಯಪುರ, ಕಲಬುರಗಿ ಕಡೆಯ 14 ತಾಯಂದಿರನ್ನು ಮಾತನಾಡಿಸಿದ್ದೆ. ಮಕ್ಕಳನ್ನು ಎಲ್ಲಿ ಓದಿಸುತ್ತೀರಿ, ಯಾಕೆ ಅನ್ನುವುದು ಪ್ರಶ್ನೆ. ರೆಕಾರ್ಡಿಂಗ್‌ಗಳನ್ನು ಬರಹಕ್ಕಿಳಿಸಿ, ಒಂದೊಂದು ಮಾತಿಗೂ ಪುಟ್ಟ ಹೆಸರು ಕೊಡುತ್ತ ಹೋದೆ. ಸಂಶೋಧಕರು ಇದನ್ನು ಕೋಡ್ ಅನ್ನುತ್ತಾರೆ. ಒಂದೇ ಬಗೆಯ ಕೋಡ್‌ಗಳು ಸೇರಿದರೆ ಅದು ಥೀಮ್.

ಹನ್ನೆರಡು ಜನರ ಮಕ್ಕಳು ಇಲ್ಲಿಯ ಮರಾಠಿ ಶಾಲೆಯಲ್ಲಿದ್ದರು. ಇಬ್ಬರು ಮಾತ್ರ ಮಗುವನ್ನು ತಾಂಡಾದಲ್ಲಿ ಅಜ್ಜಿಯ ಹತ್ತಿರ ಬಿಟ್ಟು ಬಂದಿದ್ದರು. ಅವರ ಮಾತಿಗೆ ‘ಊರಿನ ಸೆಳೆತ’ ಎಂದು ಹೆಸರಿಟ್ಟೆ. ಉಳಿದವರು ಜಾತ್ರೆ, ಹೊಲದ ಬಗ್ಗೆ ಆಡಿದ ಮಾತೂ ಅದೇ ಥೀಮಿಗೆ ಬಂತು. ಇಬ್ಬರೂ ಅಲ್ಲಿ ಕರಗಿಹೋದರು.

ವರದಿ ಬರೆಯುವ ಮುಂಚೆ ಒಂದು ಪಟ್ಟಿ ಮಾಡಿದೆ. ಬ್ರಿಟನ್ನಿನ ಜೇನ್ ರಿಚಿ, ಲಿಜ್ ಸ್ಪೆನ್ಸರ್ 1994ರಲ್ಲಿ ವಿವರಿಸಿದ ಕ್ರಮ ಅದು: ಒಬ್ಬೊಬ್ಬರಿಗೆ ಒಂದು ಅಡ್ಡಸಾಲು, ಒಂದೊಂದು ಥೀಮಿಗೆ ಒಂದು ಕಂಬಸಾಲು, ಮನೆಯೊಳಗೆ ಅವರು ಹೇಳಿದ್ದರ ಸಾರ. ಕಂಬಸಾಲನ್ನು ಓದಿದರೆ ಎಲ್ಲರೂ ಒಂದೇ ಮಾತು ಹೇಳಿದಂತೆ ಕಾಣುತ್ತದೆ. ಅಡ್ಡಸಾಲು ಓದಿದರೆ ಒಬ್ಬ ಮನುಷ್ಯೆ ಕಾಣುತ್ತಾಳೆ. ಹಾಗೆ ಓದುವಾಗ, ಊರು ಬಿಟ್ಟಿದ್ದೇ ಒಳ್ಳೆಯದಾಯಿತು ಎಂದವಳ ಸಾಲಿನಲ್ಲೇ ‘ಊರಿನ ಸೆಳೆತ’ ಕೂತಿತ್ತು. ಮೂಲ ಬರಹ ತೆರೆದೆ. ಅವಳು ಹೇಳಿದ್ದು ಇಷ್ಟು: “ಅಲ್ಲಿದ್ರ ಸರ್ಟಿಫಿಕೇಟ್ ಆಗ್ತದ್ರೀ. ಇಲ್ಲಿ ನಮ್ಮ ಹೆಸರಾ ಬ್ಯಾರೆ.”

ಲಂಬಾಣಿಗರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ. ಮಹಾರಾಷ್ಟ್ರದಲ್ಲಿ ಬಂಜಾರಾ ಎಂಬ ಹೆಸರಲ್ಲಿ ವಿಮುಕ್ತ ಜಾತಿಗಳ ಪಟ್ಟಿಯಲ್ಲಿದ್ದಾರೆ. ಒಂದು ರಾಜ್ಯದ ಪರಿಶಿಷ್ಟ ಸ್ಥಾನ ವಲಸೆ ಹೋದ ರಾಜ್ಯದ ಮೀಸಲಾತಿಗೆ ಒದಗದು ಎಂದು ಸುಪ್ರೀಂ ಕೋರ್ಟು 1990ರಲ್ಲೇ ಹೇಳಿದೆ. ನಾನು ಸೆಳೆತ ಎಂದು ಬರೆದದ್ದು ಅವಳ ಮಟ್ಟಿಗೆ ಲೆಕ್ಕಾಚಾರವಾಗಿತ್ತು.

ಕೋಡ್ ಬದಲಿಸಿ, ಅದನ್ನು ಹಿಡಿದು ಉಳಿದ ಹನ್ನೆರಡನ್ನೂ ಮತ್ತೆ ಓದಿದೆ. ಅವರಲ್ಲೂ ಒಬ್ಬಳು ಲಂಬಾಣಿ ಇದ್ದಳು. ಅವಳು ಪ್ರಮಾಣಪತ್ರದ ಮಾತೆತ್ತಿರಲಿಲ್ಲ, ನಾನೂ ಕೇಳಿರಲಿಲ್ಲ. ಅವಳ ಮೌನವನ್ನು ಯಾವ ಕಡೆಗೂ ಎಣಿಸುವಂತಿರಲಿಲ್ಲ. ಆ ಮನೆಯಲ್ಲಿ ‘ಕೇಳಿಲ್ಲ’ ಎಂದು ಬರೆದೆ.

ವರದಿಯಲ್ಲಿ ‘ಕೆಲವರು’ ಅನ್ನಲಿಲ್ಲ, ಶೇಕಡಾ ಲೆಕ್ಕವನ್ನೂ ಹಾಕಲಿಲ್ಲ. ನಾನು ಆರಿಸಿಕೊಂಡ 14 ಜನರಲ್ಲಿ ಇಬ್ಬರೆಂದರೆ, ಪುಣೆಯಲ್ಲಿ ಅಂಥವರು ಎಷ್ಟಿದ್ದಾರೆ ಎಂಬುದು ಅದರಿಂದ ತಿಳಿಯುವುದಿಲ್ಲ. ‘ಇಬ್ಬರು ತಾಯಂದಿರಿಗೆ ಶಾಲೆಯ ಆಯ್ಕೆಯೆಂದರೆ ಜಾತಿ ಪ್ರಮಾಣಪತ್ರದ ಆಯ್ಕೆ’ ಎಂದು ಬರೆದು, ಮುಖ್ಯ ಥೀಮಿನ ಪಕ್ಕದಲ್ಲೇ ಇಟ್ಟೆ. ಇಬ್ಬರೇ ಆದ್ದರಿಂದ ಗುರುತು ಹಿಡಿಯುವುದು ಸುಲಭ. ಹಾಗಾಗಿ ತಾಂಡಾದ ಹೆಸರು, ಮಗುವಿನ ತರಗತಿ ತೆಗೆದೆ. ಅವಳ ಮಾತನ್ನು ಮಾತ್ರ ಅವಳ ಕನ್ನಡದಲ್ಲೇ ಉಳಿಸಿದೆ.