ಬಾಗುವಿಕೆಯ ಎರಡು ಬಗೆ

ಡ್ರಿಲ್ ಬಿಟ್‌ಗಳನ್ನು ಜೋಡಿಸಿಡಲು ಬಳಸುವ, ಅಂಗೈಯಲ್ಲಿ ಹಿಡಿಯುವಷ್ಟು ಗಾತ್ರದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸ್ಕ್ರೂ ಇಲ್ಲ, ಪಿನ್ನಿಲ್ಲ, ಸ್ಪ್ರಿಂಗೂ ಇಲ್ಲ. ತಳ ಮತ್ತು ಮುಚ್ಚಳ ಒಂದೇ ಅಚ್ಚಿನಿಂದ ಒಂದೇ ತುಂಡಾಗಿ ಹೊರಬಂದಿರುತ್ತವೆ. ಹಿಂಬದಿಯಲ್ಲಿ ಅವೆರಡನ್ನೂ ಕೂಡಿಸಿರುವುದು ಮದುವೆಯ ಕರೆಯೋಲೆಯ ಹಾಳೆಯಷ್ಟು ತೆಳ್ಳಗಿನ ಪಟ್ಟಿಯಾದರೆ, ಮುಂಬದಿಯಲ್ಲಿ ಅವೆರಡನ್ನೂ ಹಿಡಿದಿಡುವುದು ತುದಿಯಲ್ಲಿ ಸಣ್ಣ ಹಲ್ಲುಳ್ಳ ನಾಲಗೆಯಂಥ ಕೊಕ್ಕೆ. ಮೊದಲನೆಯದನ್ನು ಲಿವಿಂಗ್ ಹಿಂಜ್ ಎಂದೂ, ಬೇರೆ ಭಾಗಗಳಿಲ್ಲದೆ ವಸ್ತುವೇ ಬಾಗಿ ಕೆಲಸಮಾಡುವ ಕಾರಣ ಕನ್ನಡದಲ್ಲಿ ಜೀವಂತ ಕೀಲು ಎಂದೂ ಕರೆಯಬಹುದು; ಎರಡನೆಯದು ಸ್ನ್ಯಾಪ್ ಫಿಟ್, ಅಂದರೆ ಕ್ಷಣಕಾಲ ಬಾಗಿ, ಅಂಚನ್ನು ದಾಟಿ, ಟಕ್ಕೆಂದು ಮರಳಿ ಕೂರುವ ಹಿಡಿತ. ಎರಡೂ ಬಾಗುತ್ತವೆ, ಎರಡೂ ಒಂದೇ ಪಾಲಿಪ್ರೊಪಿಲೀನ್. ಆದರೆ ಆ ಪ್ಲಾಸ್ಟಿಕ್ಕಿನಿಂದ ಅವು ಬೇಡುವ ಗುಣಗಳು ಒಂದಕ್ಕೊಂದು ವಿರುದ್ಧ, ಮತ್ತು ಈ ವಿನ್ಯಾಸದ ಸೊಗಸೆಲ್ಲ ಆ ವಿರೋಧವನ್ನು ಒಂದೇ ತುಂಡಿನಲ್ಲಿ ಒಗ್ಗಿಸುವುದರಲ್ಲಿದೆ.

ಕೊಕ್ಕೆಯ ವಿಚಾರದಲ್ಲಿ ಮೊದಲು ಕೇಳಬೇಕಾದದ್ದು, ಅದು ಬಾಗಿದಾಗ ಅದರ ಹೊರಮೈ ಎಷ್ಟು ಹಿಗ್ಗುತ್ತದೆ ಎಂಬುದು. ಮೂಲ ಉದ್ದಕ್ಕೆ ಹೋಲಿಸಿದರೆ ಹಿಗ್ಗಿದ ಪಾಲನ್ನು ಸ್ಟ್ರೇನ್ ಎನ್ನುತ್ತಾರೆ. ಬುಡದಲ್ಲಿ ಗಟ್ಟಿಯಾಗಿ ನೆಲೆನಿಂತು, ತುದಿಯಲ್ಲಿ ಬಿಡುವಾಗಿರುವ, ಉದ್ದಕ್ಕೂ ಒಂದೇ ದಪ್ಪದ ಕೊಕ್ಕೆಯಲ್ಲಿ ಅದು ಬುಡದ ಹೊರಮೈಯಲ್ಲಿ ಅತಿ ಹೆಚ್ಚಾಗಿದ್ದು, ಹೀಗೆ ಲೆಕ್ಕಕ್ಕೆ ಸಿಗುತ್ತದೆ:

```
ε = 1.5 × t × y ÷ L²
```

ಇಲ್ಲಿ ε ಸ್ಟ್ರೇನ್, t ಕೊಕ್ಕೆಯ ದಪ್ಪ, y ತುದಿ ಸರಿಯಬೇಕಾದ ದೂರ, L ಉದ್ದ. ಡಬ್ಬಿಯ ಮೊದಲ ನಕ್ಷೆಯಲ್ಲಿ ಕೊಕ್ಕೆ 6 ಮಿಲಿಮೀಟರ್ ಉದ್ದ, 2 ಮಿಲಿಮೀಟರ್ ದಪ್ಪ ಇದ್ದು, ಅದರ ಹಲ್ಲು 1 ಮಿಲಿಮೀಟರ್ ಮುಂಚಾಚಿದೆ ಎಂದುಕೊಂಡರೆ, ಮುಚ್ಚುವಾಗ ಬುಡದಲ್ಲಿ ಶೇ 8.3ರಷ್ಟು ಹಿಗ್ಗು ಬೀಳುತ್ತದೆ. ಗಾಜಿನಂತೆ ಪೆಡಸಾದ ಸಾಮಾನ್ಯ ಪಾಲಿಸ್ಟೈರೀನ್ ಶೇ 2ರ ಆಸುಪಾಸಿನಲ್ಲೇ ಮುರಿಯುವುದರಿಂದ ಅದರ ಮಾತನ್ನೇ ಬಿಡಬೇಕು. ಮೆತುವಾದ ಪಾಲಿಪ್ರೊಪಿಲೀನ್ ಮುರಿಯದಿದ್ದರೂ, ಮರಳಿ ಮೊದಲಿನ ಆಕಾರಕ್ಕೆ ಬಾರದಷ್ಟು ಹಿಗ್ಗುವ ಅಂಚಿಗೆ ಅದು ಬಂದು ನಿಂತಿರುತ್ತದೆ, ಮತ್ತು ದಿನಕ್ಕೆ ಹತ್ತು ಸಲ ತೆರೆಯುವ ಡಬ್ಬಿಯಲ್ಲಿ ಆ ಅಂಚು ದಿನೇ ದಿನೇ ಸವೆಯುತ್ತದೆ.

ಉತ್ತರ ಸೂತ್ರದಲ್ಲೇ ಅಡಗಿದೆ. ಉದ್ದ ವರ್ಗವಾಗಿ ಭಾಗಿಸುವುದರಿಂದ, ಕೊಕ್ಕೆಯನ್ನು 10 ಮಿಲಿಮೀಟರಿಗೆ ಬೆಳೆಸಿದರೆ ಸ್ಟ್ರೇನ್ ಒಮ್ಮೆಲೇ ಶೇ 3ಕ್ಕೆ ಇಳಿಯುತ್ತದೆ. ಡಬ್ಬಿ ಅಷ್ಟು ಎತ್ತರವಿಲ್ಲದಿದ್ದರೆ, ಕೊಕ್ಕೆಯ ಎರಡೂ ಮಗ್ಗುಲಲ್ಲಿ ಗೋಡೆಯನ್ನು ಸೀಳಿದಂತೆ ಸಂದು ಬಿಟ್ಟು ಅದರ ಬುಡವನ್ನು ಕೆಳಕ್ಕೆ ಇಳಿಸಿದರೆ ಸಾಕು. ಹೊರಗಿನ ಅಳತೆ ಬದಲಾಗದೆ ನಾಲಗೆ ಉದ್ದವಾಗುತ್ತದೆ. ಬುಡದಿಂದ ತುದಿಗೆ ಬರುವಾಗ ದಪ್ಪವನ್ನು ಅರ್ಧಕ್ಕೆ ಇಳಿಸಿದರೆ, ಬಾಗುವಿಕೆ ಬುಡವೊಂದರಲ್ಲೇ ಜಮೆಯಾಗದೆ ಉದ್ದಕ್ಕೂ ಹಂಚಿಹೋಗಿ, ಅದೇ ಸ್ಟ್ರೇನಿನಲ್ಲಿ ತುದಿ ಶೇ 60ಕ್ಕೂ ಹೆಚ್ಚು ದೂರ ಸರಿಯಬಲ್ಲದು. ಇಷ್ಟೆಲ್ಲ ಮಾಡಿದ ಮೇಲೆ ಹಿಡಿತ ಸಡಿಲವೆನಿಸಿದರೆ, ದಪ್ಪ ಹೆಚ್ಚಿಸಬೇಕೆಂಬ ಮೊದಲ ಆಸೆಗೆ ಮಣಿಯದೆ ಅಗಲ ಹೆಚ್ಚಿಸುವುದು ಬಲ್ಲವರ ದಾರಿ. ಅಗಲ ಇಮ್ಮಡಿಯಾದರೆ ಬಲ ಇಮ್ಮಡಿಯಾಗುತ್ತದೆ, ಆದರೆ ಸೂತ್ರದಲ್ಲಿ ಅಗಲಕ್ಕೆ ಜಾಗವೇ ಇಲ್ಲದ ಕಾರಣ ಸ್ಟ್ರೇನ್ ಇದ್ದಲ್ಲೇ ಇರುತ್ತದೆ.

ಸೂತ್ರ ಹೇಳದ ಮಾತುಗಳೂ ಎರಡಿವೆ. ಕೊಕ್ಕೆ ಗೋಡೆಯನ್ನು ಸೇರುವ ಮೂಲೆ ಚೂಪಾಗಿದ್ದರೆ ಎಳೆತವೆಲ್ಲ ಆ ಗೆರೆಯಲ್ಲೇ ಒಟ್ಟುಗೂಡಿ ಅಲ್ಲಿಂದಲೇ ಬಿರುಕು ಹೊರಡುವುದರಿಂದ, ದಪ್ಪದ ಅರ್ಧದಷ್ಟು ತ್ರಿಜ್ಯದಲ್ಲಿ ಆ ಮೂಲೆಯನ್ನು ದುಂಡಗೆ ಮಾಡಬೇಕು. ಬುಡದಲ್ಲಿ ಹಾಲಿನಂಥ ಬಿಳಿ ಗೆರೆ ಮೂಡಿದರೆ, ಬಿರುಕು ಕಾಣುವ ಮೊದಲೇ ಸಿಕ್ಕ ಎಚ್ಚರಿಕೆ ಅದು. ಮುಚ್ಚಿದ ಮೇಲೂ ಕೊಕ್ಕೆ ಬಾಗಿದ ಸ್ಥಿತಿಯಲ್ಲೇ ಉಳಿಯುವಂತೆ ಅಳತೆ ಇಟ್ಟರೆ, ಪಾಲಿಪ್ರೊಪಿಲೀನ್ ಆ ಭಾರದಡಿ ನಿಧಾನವಾಗಿ ಹರಿದು, ಅಂದರೆ ಕ್ರೀಪ್ ಆಗಿ, ಬಾಗಿದ ಆಕಾರವನ್ನೇ ತನ್ನದಾಗಿಸಿಕೊಳ್ಳುತ್ತದೆ. ಹೊಸದರಲ್ಲಿ ಬಿಗಿಯಾಗಿದ್ದ ಮುಚ್ಚಳ ಕೆಲವೇ ವಾರಗಳಲ್ಲಿ ಲೊಡಲೊಡ ಎನ್ನತೊಡಗಿದರೆ ಕಾರಣವನ್ನು ಇಲ್ಲೇ ಹುಡುಕಬೇಕು. ಒಳ್ಳೆಯ ಕೊಕ್ಕೆ ದಾಟುವ ಕ್ಷಣದಲ್ಲಿ ಮಾತ್ರ ದುಡಿದು, ಉಳಿದ ಕಾಲವೆಲ್ಲ ವಿಶ್ರಾಂತಿಯಲ್ಲಿರುತ್ತದೆ.

ಹಿಂಬದಿಯ ಕೀಲಿಗೆ ಬಂದರೆ ಈ ಲೆಕ್ಕಾಚಾರವೆಲ್ಲ ತಲೆಕೆಳಗಾಗುತ್ತದೆ. 0.3 ಮಿಲಿಮೀಟರ್ ದಪ್ಪದ, 1.5 ಮಿಲಿಮೀಟರ್ ಉದ್ದದ ಪಟ್ಟಿ ಅರ್ಧ ಸುತ್ತು ಮಡಿಸಿಕೊಂಡಾಗ, ಅದು ಸರಿಯಾದ ಅರ್ಧವೃತ್ತದಂತೆ ಬಾಗುತ್ತದೆಂದು ಎಣಿಸಿದರೂ, ಹೊರಮೈಯ ಹಿಗ್ಗು ಶೇ 31ರಷ್ಟಾಗುತ್ತದೆ. ಕೊಕ್ಕೆಯ ಕಣ್ಣಿನಲ್ಲಿ ಇದು ವಿನಾಶ. ಕೀಲಿಗಾದರೋ ಇದೇ ಹುಟ್ಟು. ಪಾಲಿಪ್ರೊಪಿಲೀನಿನ ನೂಲಿನಂಥ ಉದ್ದುದ್ದ ಅಣುಗಳು ಹೀಗೆ ಮಿತಿ ಮೀರಿ ಎಳೆದಾಗ ತುಂಡಾಗದೆ, ಎಳೆದ ದಿಕ್ಕಿಗೆ ಸಾಲಾಗಿ ಮಲಗುತ್ತವೆ, ಹಾಗೆ ಸಾಲುಗೂಡಿದ ಪಟ್ಟಿ ಮೊದಲಿಗಿಂತ ಬಹಳ ಗಟ್ಟಿಯಾಗಿ ಲಕ್ಷಾಂತರ ಮಡಿಕೆಗಳನ್ನು ತಾಳಿಕೊಳ್ಳುತ್ತದೆ. ಅದಕ್ಕೇ ಅಚ್ಚಿನಿಂದ ಹೊರಬಂದ ಡಬ್ಬಿಯ ಬಿಸಿ ಆರುವ ಮುನ್ನವೇ ಮುಚ್ಚಳವನ್ನು ಕೆಲವು ಸಲ ಪೂರ್ತಿ ಮಡಿಸಿ ತೆರೆಯುವ ಪದ್ಧತಿಯಿದೆ. ಆ ಮೊದಲ ಮಡಿಕೆಗಳು ಪರೀಕ್ಷೆಯಲ್ಲ, ತಯಾರಿಕೆಯದೇ ಕೊನೆಯ ಹಂತ. ಪಟ್ಟಿಯನ್ನು ಗಟ್ಟಿಮುಟ್ಟಾಗಲೆಂದು 1 ಮಿಲಿಮೀಟರ್ ದಪ್ಪ ಮಾಡಿದರೆ ಹೊರಮೈ ಇಮ್ಮಡಿ ಉದ್ದಕ್ಕೆ ಹಿಗ್ಗಬೇಕಾಗಿ ಬಂದು, ಮಡಿಸಿದಲ್ಲೆಲ್ಲ ಬೆಳ್ಳಗಾಗಿ, ಬೇಗನೆ ಬಿರಿಯುತ್ತದೆ. ಇಲ್ಲಿ ತೆಳುವೇ ಬಲ.

ಆದರೆ ಆ ತೆಳುವಿನ ಮೂಲಕವೇ ಕರಗಿದ ಪ್ಲಾಸ್ಟಿಕ್ ಹರಿದು ಮುಚ್ಚಳವನ್ನು ತುಂಬಬೇಕು. ಅಚ್ಚಿನೊಳಗೆ ಪ್ಲಾಸ್ಟಿಕ್ ನುಗ್ಗುವ ಬಾಯಿಗೆ ಗೇಟ್ ಎಂದು ಹೆಸರು. ಗೇಟ್ ಕೀಲಿಗೆ ತೀರ ಹತ್ತಿರವಿದ್ದರೆ, ದ್ರವ ಇಕ್ಕಟ್ಟಾದ ಪಟ್ಟಿಯ ಬಳಿ ತಡೆದು ನಿಂತು, ಸುಲಭವಾದ ತಳವನ್ನು ಮೊದಲು ತುಂಬಲು ಹೋಗುತ್ತದೆ, ಅಷ್ಟರಲ್ಲಿ ಪಟ್ಟಿಯಲ್ಲಿ ನಿಂತದ್ದು ಆರಿ ಬಿಡುತ್ತದೆ. ತಳಕ್ಕೂ ಮುಚ್ಚಳಕ್ಕೂ ಒಂದೊಂದು ಗೇಟ್ ಇಟ್ಟರೆ ಎರಡು ಹರಿವುಗಳು ಕೀಲಿನಲ್ಲೇ ಎದುರಾಗಿ ಸೇರುವ ಭಯವಿದೆ. ಅರೆ ಆರಿದ ಎರಡು ಮುಖಗಳು ಕೂಡಿದ ಆ ಗೆರೆಯನ್ನು ವೆಲ್ಡ್ ಲೈನ್ ಎನ್ನುತ್ತಾರೆ, ಮತ್ತು ಅಲ್ಲಿ ಅಣುಗಳು ಒಂದರೊಳಗೊಂದು ಹೆಣೆದುಕೊಳ್ಳದ ಕಾರಣ ಮುಚ್ಚಳ ಮಡಿಸಿದ ಕಾಗದದಂತೆ ನೇರವಾಗಿ ಹರಿದು ಬರುತ್ತದೆ. ಆದುದರಿಂದ ತಳದಲ್ಲಿ, ಕೀಲಿನಿಂದ ದೂರವಾಗಿ ಒಂದೇ ಗೇಟ್ ಇಟ್ಟು, ಹರಿವು ಕೀಲಿನ ಅಗಲವನ್ನೆಲ್ಲ ಒಟ್ಟಿಗೆ ಅಡ್ಡ ದಾಟುವಂತೆ ಮಾಡಬೇಕು. ಆಗ ಅಣುಗಳು ದಾಟುವಾಗಲೇ ಮುಂದಿನ ಮಡಿಕೆಗೆ ಬೇಕಾದ ದಿಕ್ಕಿಗೆ ಒಲಿದಿರುತ್ತವೆ.

ಇಷ್ಟು ತಿಳಿದವರು ಆ ಪುಟ್ಟ ಡಬ್ಬಿಯನ್ನು ಒಮ್ಮೆ ತೆರೆದು ಮುಚ್ಚಿದರೆ, ಮುಂದಿನ ಕೊಕ್ಕೆ ತನ್ನ ಮಿತಿಯೊಳಗೇ ಬಾಗಿ ಮರಳುವುದನ್ನೂ, ಹಿಂದಿನ ಕೀಲು ಎಂದೋ ಒಮ್ಮೆ ಮಿತಿ ದಾಟಿ ಪಳಗಿದ್ದರಿಂದಲೇ ಇಂದು ಆಯಾಸವಿಲ್ಲದೆ ತಿರುಗುವುದನ್ನೂ ಬೆರಳ ತುದಿಯಲ್ಲೇ ಬೇರೆಬೇರೆಯಾಗಿ ಗುರುತಿಸಬಲ್ಲರು.